ತೆರೆಯುವ ಮುನ್ನ ಓದುವ ಒಂದು ಸಾಲು

ಶಾಲೆ ಆರಂಭವಾಗುವ ಜೂನ್ ತಿಂಗಳು ಸಮೀಪಿಸಿದಂತೆ ಸಮವಸ್ತ್ರ, ಪುಸ್ತಕ, ಚೀಲಗಳನ್ನು ಮಾರುವವರ ಇ-ಮೇಲ್‌ಗಳು ಪೋಷಕರ ಫೋನುಗಳಿಗೆ ಒಂದರ ಹಿಂದೊಂದು ಬರತೊಡಗುತ್ತವೆ. ಪೋಷಕರು ಮೊದಲು ಕಾಣುವುದು ಕಳುಹಿಸಿದವರ ಹೆಸರನ್ನು ಮತ್ತು ಅದರ ಜೊತೆಗಿರುವ ವಿಷಯಸಾಲನ್ನು ಮಾತ್ರ. ಒಳಗಿನ ಪತ್ರ ಎಷ್ಟೇ ಸೊಗಸಾಗಿರಲಿ, ಆ ಸಾಲು ಹಿಡಿಸದಿದ್ದರೆ ಅದನ್ನು ಯಾರೂ ನೋಡುವುದಿಲ್ಲ. ಯಾವ ಸಾಲು ಹಿಡಿಸುತ್ತದೆ ಎಂಬುದನ್ನು ವ್ಯಾಪಾರಿಗಳು ಊಹಿಸಿ ನಿರ್ಧರಿಸಬೇಕಾಗಿಲ್ಲ, ಅಳೆದು ತಿಳಿಯಬಹುದು. ಆ ಅಳತೆ ನಡೆಯುವ ಬಗೆಯನ್ನೂ, ನಮ್ಮಂತಹ ಎರಡು ನುಡಿಗಳ ಊರಿನಲ್ಲಿ ಅದು ಎಲ್ಲಿ ದಾರಿ ತಪ್ಪಬಹುದೆಂಬುದನ್ನೂ ಈ ವಾರ ನೋಡೋಣ.

ಇದಕ್ಕೆ ಹೆಸರಾದ ನಿದರ್ಶನ ಅಮೆರಿಕದ 2012ರ ಅಧ್ಯಕ್ಷೀಯ ಚುನಾವಣೆಯದು. ಬರಾಕ್ ಒಬಾಮ ಅವರ ಪ್ರಚಾರ ತಂಡವು ದೇಣಿಗೆ ಕೋರುವ ಇ-ಮೇಲ್‌ಗಳನ್ನು ಎಲ್ಲರಿಗೂ ಒಮ್ಮೆಲೇ ಕಳುಹಿಸುತ್ತಿರಲಿಲ್ಲ. ಬೇರೆ ಬೇರೆ ವಿಷಯಸಾಲು ಮತ್ತು ಒಕ್ಕಣೆಗಳನ್ನು ಮೊದಲು ಸಣ್ಣ ಸಣ್ಣ ಗುಂಪುಗಳಿಗೆ ಕಳುಹಿಸಿ, ಗೆದ್ದದ್ದನ್ನು ಉಳಿದವರಿಗೆ ಕಳುಹಿಸುತ್ತಿತ್ತು. ಆ ವರ್ಷದ ಜೂನ್‌ನಲ್ಲಿ ಕಳುಹಿಸಿದ ಒಂದು ಪತ್ರಕ್ಕೆ ಹೀಗೆ 18 ರೂಪಗಳನ್ನು ಪರೀಕ್ಷಿಸಲಾಯಿತು. ಗೆದ್ದ ಸಾಲಿನ ತಾತ್ಪರ್ಯ, ‘ಎದುರಾಳಿಯು ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ’ ಎಂಬುದು. ಅದು 25 ಲಕ್ಷ ಡಾಲರಿಗೂ ಹೆಚ್ಚು ದೇಣಿಗೆಯನ್ನು ತಂದಿತು. ಪರೀಕ್ಷೆಯಲ್ಲಿ ಕೊನೆಗೆ ನಿಂತ ರೂಪವನ್ನೇ ಎಲ್ಲರಿಗೂ ಕಳುಹಿಸಿದ್ದರೆ ಬರುತ್ತಿದ್ದದ್ದು ಸುಮಾರು 4 ಲಕ್ಷ ಡಾಲರ್ ಎಂದು ತಂಡ ಲೆಕ್ಕ ಹಾಕಿತ್ತು. ಯಾವುದು ಗೆಲ್ಲುತ್ತದೆಂಬ ಸಿಬ್ಬಂದಿಯ ಊಹೆ ಪದೇ ಪದೇ ಹುಸಿಯಾಗುತ್ತಿತ್ತು. ಆದರೆ ಒಕ್ಕಣೆಯೂ ಬದಲಾಗುತ್ತಿದ್ದುದರಿಂದ ಇಡೀ ಗೆಲುವನ್ನು ಸಾಲಿನ ಲೆಕ್ಕಕ್ಕೇ ಬರೆಯಲಾಗದು. ಸಾಲಿನ ಶಕ್ತಿಯನ್ನಷ್ಟೇ ಅಳೆಯಬೇಕಾದರೆ ಸಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರಬೇಕು.

ರಾಯದುರ್ಗದ ಒಂದು ಸಿದ್ಧ ಉಡುಪಿನ ಅಂಗಡಿಯ ಬಳಿ 2000 ಪೋಷಕರ ವಿಳಾಸಗಳಿವೆ ಎಂದಿಟ್ಟುಕೊಳ್ಳೋಣ. ಅಂಗಡಿಯವರು ಒಂದೇ ಪತ್ರಕ್ಕೆ ಎರಡು ವಿಷಯಸಾಲುಗಳನ್ನು ಬರೆಯುತ್ತಾರೆ: ಮೊದಲನೆಯದು ಕನ್ನಡದಲ್ಲಿ, ಎರಡನೆಯದು ತೆಲುಗಿನಲ್ಲಿ. ವಿಳಾಸಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ 1000, 1000ದ ಎರಡು ಗುಂಪುಗಳಾಗಿ ವಿಂಗಡಿಸಬೇಕು. ಹಳೆಯ ಗಿರಾಕಿಗಳೆಲ್ಲ ಒಂದು ಕಡೆ, ಹೊಸಬರೆಲ್ಲ ಇನ್ನೊಂದು ಕಡೆ ಸೇರಿದರೆ, ನಾವು ಅಳೆಯುವುದು ಸಾಲನ್ನಲ್ಲ, ಗಿರಾಕಿಗಳನ್ನು. ಎರಡೂ ಪತ್ರಗಳು ಒಂದೇ ಹೊತ್ತಿಗೆ ಹೊರಡಬೇಕು. ಬೆಳಗಿನ ಓದುಗರೂ ರಾತ್ರಿಯ ಓದುಗರೂ ಒಂದೇ ಬಗೆಯವರಲ್ಲ.

ಪತ್ರವನ್ನು ತೆರೆದವರ ಸಂಖ್ಯೆ ಅಂಗಡಿಗೆ ತಿಳಿಯುವುದು ಹೇಗೆ? ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಇಟ್ಟಿರುತ್ತಾರೆ. ಪತ್ರ ತೆರೆದೊಡನೆ ಫೋನು ಆ ಚಿತ್ರವನ್ನು ತರಿಸಿಕೊಳ್ಳುತ್ತದೆ. ಹಾಗೆ ಕೇಳಿದ್ದನ್ನು ಕಳುಹಿಸಿದವರ ಗಣಕಯಂತ್ರ ಎಣಿಸಿಕೊಳ್ಳುತ್ತದೆ.

ಈಗ ಫಲಿತಾಂಶಕ್ಕೆ ಬರೋಣ. ಕನ್ನಡ ಸಾಲಿನ ಪತ್ರವನ್ನು 180 ಮಂದಿ, ತೆಲುಗು ಸಾಲಿನದನ್ನು 230 ಮಂದಿ ತೆರೆದರು ಎನ್ನೋಣ. ಈ 50ರ ಅಂತರ ನಿಜವಾದುದೋ, ಆಕಸ್ಮಿಕವೋ? ಎರಡೂ ಗುಂಪುಗಳು ಸಮಾನ ಗಾತ್ರದವಾಗಿದ್ದರೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದಾದ ಒಂದು ಲೆಕ್ಕವಿದೆ. ತೆರೆದವರ ಎರಡು ಸಂಖ್ಯೆಗಳನ್ನು ಕೂಡಿಸಿ, ಮೊತ್ತದ ವರ್ಗಮೂಲವನ್ನು ತೆಗೆದು, ಅದನ್ನು ಇಮ್ಮಡಿಗೊಳಿಸಬೇಕು. ಅಂತರವು ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನಂಬಬಹುದು. ಇಲ್ಲಿ ಮೊತ್ತ 410, ವರ್ಗಮೂಲ ಸುಮಾರು 20, ಇಮ್ಮಡಿ 40. ಅಂತರ 50 ಇರುವುದರಿಂದ ಇದು ನಂಬಲರ್ಹ. ಅದೇ ಅಂಗಡಿ ಬರೀ 100, 100 ಮಂದಿಗೆ ಕಳುಹಿಸಿ 18 ಮತ್ತು 23 ಎಂಬ ಉತ್ತರ ಪಡೆದಿದ್ದರೆ, ಪ್ರಮಾಣ ಸರಿಸುಮಾರು ಅದೇ ಆದರೂ ಲೆಕ್ಕದಲ್ಲಿ ಬೇಕಾದ ಅಂತರ 13, ದೊರೆತದ್ದು 5. ನಾಣ್ಯ ಚಿಮ್ಮಿದರೂ ಅಷ್ಟು ವ್ಯತ್ಯಾಸ ಬಂದೀತು. ಇನ್ನೊಂದು ನಿಯಮವೂ ಉಂಟು: ಎಷ್ಟು ಗಂಟೆ ಕಾಯಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಗಳಿಗೆಗೊಮ್ಮೆ ಇಣುಕಿ, ತಮಗೆ ಮೆಚ್ಚಿನ ಸಾಲು ಮುಂದಿರುವಾಗ ನಿಲ್ಲಿಸಿದವರಿಗೆ ಆಕಸ್ಮಿಕವೇ ಗೆಲುವಾಗಿ ತೋರುತ್ತದೆ.

ಹಾಗಾದರೆ ಅಂಗಡಿಯವರು ಇನ್ನು ಮುಂದೆ ತೆಲುಗಿನಲ್ಲೇ ಬರೆಯಬೇಕೆ? ಗಡಿನಾಡಿನ ನಾವು ನಿಂತು ಯೋಚಿಸಬೇಕಾದ ಸ್ಥಳ ಇದು. ಪ್ರತಿ ಗುಂಪಿನ 1000 ಮಂದಿಯಲ್ಲಿ 300 ಮಂದಿಯ ಮಕ್ಕಳು ಕನ್ನಡ ಮಾಧ್ಯಮದಲ್ಲಿ, 700 ಮಂದಿಯ ಮಕ್ಕಳು ತೆಲುಗು ಮಾಧ್ಯಮದಲ್ಲಿ ಓದುತ್ತಾರೆ ಎನ್ನೋಣ. ಕನ್ನಡ ಸಾಲನ್ನು ತೆರೆದ 180 ಮಂದಿಯಲ್ಲಿ 90 ಮಂದಿ ಕನ್ನಡ ಮಾಧ್ಯಮದ ಪೋಷಕರು, 90 ಮಂದಿ ತೆಲುಗು ಮಾಧ್ಯಮದವರು. ತೆಲುಗು ಸಾಲನ್ನು ತೆರೆದ 230 ಮಂದಿಯಲ್ಲಿ ಕನ್ನಡ ಮಾಧ್ಯಮದವರು 45 ಮಾತ್ರ, ಉಳಿದ 185 ಮಂದಿ ತೆಲುಗು ಮಾಧ್ಯಮದವರು. ನಮ್ಮ ಪೋಷಕರಲ್ಲಿ ಕನ್ನಡ ಸಾಲು ತೆಲುಗಿನ ಎರಡರಷ್ಟು ಮಂದಿಯನ್ನು ಒಳಗೆ ಕರೆದಿದೆ. ಮೊತ್ತ 135, ವರ್ಗಮೂಲದ ಇಮ್ಮಡಿ ಸುಮಾರು 23, ಅಂತರ 45, ಇದೂ ಆಕಸ್ಮಿಕವಲ್ಲ. ಆದರೆ ಒಟ್ಟು ಸಂಖ್ಯೆಯಲ್ಲಿ 700ರ ಭಾರದ ಕೆಳಗೆ 300 ಮಂದಿಯ ಉತ್ತರ ಅಡಗಿಹೋಯಿತು. ಅವರವರ ನುಡಿಯ ಸಾಲನ್ನು ಅವರವರಿಗೆ ಕಳುಹಿಸಿದರೆ ಸಾವಿರಕ್ಕೆ 90 ಮತ್ತು 185, ಅಂದರೆ 275 ಮಂದಿ ತೆರೆದಾರು. ಒಟ್ಟು ಗೆಲುವನ್ನೇ ನಂಬಿದ ವ್ಯಾಪಾರಿ 230ಕ್ಕೇ ತೃಪ್ತನಾಗುತ್ತಾನೆ. ಇವು ಕಲ್ಪಿತ ಸಂಖ್ಯೆಗಳಾದರೂ, ಬಹುಸಂಖ್ಯಾತರೂ ಅಲ್ಪಸಂಖ್ಯಾತರೂ ಕೂಡಿರುವ ಯಾವ ಪಟ್ಟಿಯಲ್ಲಾದರೂ ಹೀಗಾಗುವುದು ಸಾಧ್ಯ. ಯಾವ ಗುಂಪುಗಳನ್ನು ಬೇರೆಯಾಗಿ ನೋಡಬೇಕೆಂಬುದನ್ನು ಮಾತ್ರ ಪರೀಕ್ಷೆಗೆ ಮುನ್ನವೇ ಗೊತ್ತುಮಾಡಿರಬೇಕು. ಫಲಿತಾಂಶ ಬಂದ ಮೇಲೆ ಊರು, ವಯಸ್ಸು, ಬಡಾವಣೆ ಎಂದು ಒಡೆಯುತ್ತಾ ಹೋದರೆ ಎಲ್ಲಾದರೂ ಒಂದು ಕಡೆ ಸುಳ್ಳು ಗೆಲುವು ಕಂಡೇ ಕಾಣುತ್ತದೆ.

ಎಣಿಕೆಗೂ ದೋಷಗಳಿವೆ. 2021ರಿಂದ ಆಪಲ್ ಕಂಪನಿಯ ಮೇಲ್ ತಂತ್ರಾಂಶವು, ಬಳಕೆದಾರರು ಒಪ್ಪಿದಲ್ಲಿ, ಅವರು ಪತ್ರವನ್ನು ನೋಡುವ ಮೊದಲೇ ಒಳಗಿನ ಚಿತ್ರಗಳನ್ನು ತರಿಸಿಕೊಳ್ಳುತ್ತದೆ. ಯಾರೂ ತೆರೆಯದ ಪತ್ರವೂ ಆಗ ತೆರೆದಂತೆ ಎಣಿಕೆಯಾಗುತ್ತದೆ. ಚಿತ್ರಗಳನ್ನು ತಡೆಹಿಡಿದವರು ಪೂರ್ತಿ ಓದಿದರೂ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಬಲ್ಲವರು ತೆರೆದವರ ಜೊತೆಗೆ ಒಳಗಿನ ಕೊಂಡಿಯನ್ನು ಒತ್ತಿದವರನ್ನೂ, ಕೊಂಡವರನ್ನೂ ಎಣಿಸುತ್ತಾರೆ. ಇದರಿಂದ ಮೋಸದ ಸಾಲೂ ಬಯಲಾಗುತ್ತದೆ. ‘ನಿಮ್ಮ ಮಗುವಿನ ಶಾಲೆಯಿಂದ ಸೂಚನೆ’ ಎಂದು ಅಂಗಡಿಯೊಂದು ಬರೆದರೆ ಗಾಬರಿಯಿಂದ ಬಹಳ ಮಂದಿ ತೆರೆಯುತ್ತಾರೆ. ಒಳಗೆ ಸಮವಸ್ತ್ರದ ದರಪಟ್ಟಿ ಕಂಡು ಮುಚ್ಚುತ್ತಾರೆ. ತೆರೆದವರು ಹೆಚ್ಚಿ ಕೊಂಡವರು ಹೆಚ್ಚದಿದ್ದರೆ, ಪಟ್ಟಿಯಿಂದ ಹೆಸರು ತೆಗೆಸುವವರು ಮಾತ್ರ ಹೆಚ್ಚಿದರೆ, ಆ ಸಾಲು ಸೋತಿದೆಯೆಂದೇ ಅರ್ಥ.

ಮಡಕಶಿರಾದಲ್ಲಾಗಲಿ ರಾಯದುರ್ಗದಲ್ಲಾಗಲಿ ಅಂಗಡಿ ನಡೆಸುವ ವಾಚಕರಿಗೆ ಈ ಲೆಕ್ಕ ನೇರವಾಗಿ ಉಪಯೋಗಕ್ಕೆ ಬಂದೀತು. ಗಿರಾಕಿಗಳ ಪಟ್ಟಿಯನ್ನು ಬರೆಯುವಾಗ ಹೆಸರಿನ ಪಕ್ಕದಲ್ಲಿ ಅವರು ಯಾವ ನುಡಿಯಲ್ಲಿ ಪತ್ರ ಬಯಸುತ್ತಾರೆಂಬುದನ್ನೂ ಕೇಳಿ ಗುರುತಿಸಿಕೊಳ್ಳಿ. ಉಳಿದವರು ಗಿರಾಕಿಗಳಾಗಿ, ಅಂಗಡಿಯ ಪಟ್ಟಿಗೆ ವಿಳಾಸ ಕೊಡುವಾಗ, ತಮಗೆ ಕನ್ನಡದಲ್ಲೇ ಬರೆಯಿರೆಂದು ತಿಳಿಸಬಹುದು. ಆ ಗುರುತು ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ 90 ಮಂದಿಯ ಉತ್ತರವನ್ನು ಬೇರೆಯಾಗಿ ಓದಲು ಯಾವ ಅಂಗಡಿಯವರಿಗೂ ದಾರಿಯಿರುವುದಿಲ್ಲ.