ಚಿಂದಿ ಹಳೆಯದಾಯಿತು, ಸಖತ್ ಉಳಿಯಿತು

ಬೆಂಗಳೂರಿನಿಂದ ಹೊಸದಾಗಿ ಮುಂಬೈಗೆ ಬಂದ ಹುಡುಗನೊಬ್ಬ ಗೆಳೆಯನ ಹೊಸ ಬೈಕ್ ನೋಡಿ ‘ಚಿಂದಿ’ ಎಂದರೆ ಮೆಚ್ಚುಗೆ. ಕೇಳಿಸಿಕೊಂಡ ಮುಂಬೈ ಹುಡುಗನಿಗೆ ಅದು ಬೈಗುಳ. ಅಲ್ಲಿ ಚಿಂದಿ ಎಂದರೆ ಅಗ್ಗದ್ದು, ದರಿದ್ರದ್ದು, ಹತ್ತು ರೂಪಾಯಿಗೆ ಬಾಯಿ ಬಿಡುವ ಜಿಪುಣತನ. ಎರಡೂ ಕಡೆ ಬಟ್ಟೆ ಒಂದೇ: ಹರಿದ ಅರಿವೆಯ ಚೂರು. ಮುಂಬೈಯವರು ಆ ಚೂರನ್ನು ಕೈಯಲ್ಲಿ ಹಿಡಿದು ‘ಇದಕ್ಕೇನು ಬೆಲೆ’ ಎಂದರು. ನಮ್ಮವರು ಅದನ್ನು ಹರಿದವನ ಕಡೆ ನೋಡಿದರು. ಬ್ಯಾಟ್ಸ್‌ಮನ್ ಬೌಲರನ್ನು ‘ಚಿಂದಿ ಚಿಂದಿ ಮಾಡಿದ’, ಹೀರೋ ರೌಡಿಗಳನ್ನು ‘ಚಿಂದಿ ಉಡಾಯಿಸಿದ’, ಆಮೇಲೆ ಬರೀ ಆಟವೇ ಚಿಂದಿ, ಹಾಡು ಚಿಂದಿ, ಕೊನೆಗೆ ಪ್ರಾಸದ ಆಸೆಗೆ ‘ಚಿಂದಿ ಚಿತ್ರಾನ್ನ’ ಕೂಡ. ಅದೇ ಹೊತ್ತಿನಲ್ಲಿ ನಮ್ಮ ಪತ್ರಿಕೆಗಳು ‘ಚಿಂದಿ ಆಯುವ ಮಕ್ಕಳು’ ಎಂದು ಬರೆಯುತ್ತಲೇ ಇದ್ದವು. ಯಾರಿಗೂ ಗೊಂದಲವಾಗಲಿಲ್ಲ.

ಈಗ ಬೆಂಗಳೂರಿನ ಹತ್ತೊಂಬತ್ತರ ಹುಡುಗನ ಮುಂದೆ ‘ಚಿಂದಿ ಗುರು’ ಎಂದು ನೋಡಿ. ಅರ್ಥವಾಗುತ್ತದೆ, ಆದರೆ ನಿಮ್ಮ ವಯಸ್ಸೂ ಗೊತ್ತಾಗುತ್ತದೆ. ನಮ್ಮಪ್ಪನ ಕಾಲದವರ ‘ಬೊಂಬಾಟ್’ಗೂ ಇದೇ ಆಯಿತು. 2008ರಲ್ಲಿ ಗಣೇಶ್ ನಟಿಸಿದ ‘ಬೊಂಬಾಟ್’ ಬಂದಾಗಲೇ ಆ ಪದವನ್ನು ನನ್ನ ವಯಸ್ಸಿನವರು ನಗುತ್ತಾ ಹೇಳುತ್ತಿದ್ದೆವು. 2021ರಲ್ಲಿ ಅದೇ ಗಣೇಶ್ ನಟಿಸಿದ ಚಿತ್ರದ ಹೆಸರು ‘ಸಖತ್’. ಈ ಪದವೂ ನಮಗಿಂತ ಹಳೆಯದೇ. ಆದರೆ ಅದನ್ನು ಯಾರೂ ನಗುತ್ತಾ ಹೇಳುವುದಿಲ್ಲ. ಅಜ್ಜಿ ಹೇಳುತ್ತಾಳೆ, ಮೊಮ್ಮಗ ಹೇಳುತ್ತಾನೆ, ಟಿವಿ ನಿರೂಪಕಿ ಹೇಳುತ್ತಾಳೆ. ಮೂರೂ ಹೊಗಳುವ ಪದಗಳೇ ಆಗಿದ್ದರೂ ಎರಡು ಸವೆದವು, ಒಂದು ಉಳಿಯಿತು.

ಸವೆಯುವುದೇ ಸಾಮಾನ್ಯ ನಿಯಮ ಎನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕಾನಿ ಎಬಲ್ ಎಂಬ ಪ್ರಾಧ್ಯಾಪಕಿ 1970ರ ದಶಕದಿಂದ ತಮ್ಮ ವಿದ್ಯಾರ್ಥಿಗಳಿಂದ ಅವರದೇ ಕಾಲೇಜು ಮಾತುಗಳನ್ನು ಬರೆಸಿಕೊಂಡು ಒಟ್ಟು ಮಾಡುತ್ತಾ ಬಂದರು. ಒಂದು ಬ್ಯಾಚಿನ ಪಟ್ಟಿಯನ್ನು ಇನ್ನೊಂದರ ಜೊತೆ ಇಟ್ಟು ನೋಡಿದರೆ ಬಹುಪಾಲು ಪದಗಳು ಬಂದ ಹಾಗೆಯೇ ಹೋಗಿರುತ್ತಿದ್ದವು. ಅದರಲ್ಲೂ ‘ಚೆನ್ನಾಗಿದೆ’ ಎನ್ನುವ ಪದಗಳು ಬೇಗ ಸವೆಯುತ್ತವೆ. ಹೊಗಳಿಕೆಯಲ್ಲಿ ಒಂದು ಉಬ್ಬು ಇರಬೇಕು, ಎಲ್ಲದಕ್ಕೂ ಚಿಂದಿ ಎಂದರೆ ಆ ಉಬ್ಬು ಇಳಿದುಹೋಗುತ್ತದೆ. ಆಮೇಲೆ ಇನ್ನೊಂದು ಜೋರಾದ ಪದ ಬೇಕು.

ಹಾಗಾದರೆ ಸಖತ್ ಹೇಗೆ ಬಚಾವಾಯಿತು? ಅದರ ಜಾತಕ ನೋಡೋಣ. ಪಾರ್ಸಿಯಲ್ಲಿ ‘ಸಖ್ತ್’ ಎಂದರೆ ಗಟ್ಟಿ, ಕಠಿಣ. ಹಿಂದಿ ಸುದ್ದಿಯಲ್ಲಿ ಇವತ್ತಿಗೂ ‘ಸಖ್ತ್ ಕಾರ್ರವಾಯಿ’ ಎಂದರೆ ಕಠಿಣ ಕ್ರಮ. ಉರ್ದುವಿನಲ್ಲೇ ಅದು ಒಂದು ಹೆಜ್ಜೆ ಮುಂದೆ ಹೋಗಿತ್ತು: ‘ಸಖ್ತ್ ಗರ್ಮೀ’, ಅಂದರೆ ವಿಪರೀತ ಸೆಕೆ. ಕಠಿಣ ಎನ್ನುವ ಅರ್ಥ ಇಲ್ಲಿ ‘ಬಹಳ’ದ ಕಡೆ ವಾಲಿದೆ. ಕನ್ನಡದಲ್ಲಿ ‘ಸಖತ್ ಬಿಸಿಲು’, ‘ಸಖತ್ ಚಳಿ’ ಎಂದಾಗ ಇನ್ನೂ ಕಷ್ಟದ ವಾಸನೆ ಇದೆ. ‘ಸಖತ್ ರುಚಿ’ ಎಂದಾಗ ಕಷ್ಟ ಹೋಯಿತು, ಬರೀ ‘ಬಹಳ’ ಉಳಿಯಿತು. ನಮ್ಮ ಕರಾವಳಿ, ಮಲೆನಾಡಿನ ಕಡೆ ‘ಭಯಂಕರ ಚಂದ ಉಂಟು’ ಎನ್ನುವಾಗ ಭಯ ಹೋಗಿರುವುದೂ ಹೀಗೆಯೇ. ಇಷ್ಟೇಕೆ, ನಾವು ಶುದ್ಧ ಕನ್ನಡ ಎಂದುಕೊಳ್ಳುವ ‘ತುಂಬಾ’ ಕೂಡ ‘ತುಂಬು’ವಿನಿಂದ ಬಂದದ್ದು. ‘ತುಂಬಾ ಖಾಲಿ ಇದೆ ಬಸ್ಸು’ ಎನ್ನುವಾಗ ಯಾರಿಗೂ ನಗು ಬರುವುದಿಲ್ಲ.

ಇಲ್ಲೇ ವ್ಯತ್ಯಾಸ ಇರುವುದು. ಚಿಂದಿ ಒಂದೇ ಕೆಲಸ ಮಾಡುತ್ತದೆ: ಹೊಗಳುವುದು. ‘ಚಿಂದಿ ಬಿಸಿಲು’, ‘ಚಿಂದಿ ತಲೆನೋವು’ ಎನ್ನಲಾಗುವುದಿಲ್ಲ. ಸಖತ್ ಹೊಗಳುತ್ತದೆ, ಜೊತೆಗೆ ಬೇರೆ ಪದಗಳ ಹಿಂದೆ ನಿಂತು ಅವನ್ನು ತಳ್ಳುತ್ತದೆ. ಸಖತ್ ಸುಸ್ತು, ಸಖತ್ ಟ್ರಾಫಿಕ್, ಸಖತ್ ಒಳ್ಳೆ ಮನುಷ್ಯ. ಅಲ್ಲದೆ ಕನ್ನಡದ ಪ್ರತ್ಯಯವನ್ನೂ ಹಚ್ಚಿಕೊಂಡಿದೆ: ಸಖತ್ತಾಗಿ ಹಾಡಿದಳು, ಸಖತ್ತಾಗಿರೋ ಮನೆ. ಉಬ್ಬು ಇಳಿದರೂ ಪದಕ್ಕೆ ಮಾಡಲು ಕೆಲಸವಿದೆ. ಇವತ್ತು ‘ಸಖತ್’ ಎಂದರೆ ಯಾರೂ ರೋಮಾಂಚನಗೊಳ್ಳುವುದಿಲ್ಲ, ನಿಜ. ಅದು ಪಡ್ಡೆ ಹುಡುಗರ ಗುಂಪು ಬಿಟ್ಟು ಸರ್ಕಾರಿ ನೌಕರಿ ಸೇರಿದಂತಿದೆ, ಮಿಂಚು ಕಡಿಮೆ, ಪಿಂಚಣಿ ಗ್ಯಾರಂಟಿ.

ಅಲನ್ ಮೆಟ್‌ಕಾಫ್ ಎಂಬ ಅಮೆರಿಕನ್ ಭಾಷಾ ವಿದ್ವಾಂಸ 2002ರ ಪುಸ್ತಕವೊಂದರಲ್ಲಿ ಹೊಸ ಪದ ಉಳಿಯುತ್ತದೋ ಇಲ್ಲವೋ ಎಂದು ಊಹಿಸಲು ಐದು ಅಳತೆ ಕೊಟ್ಟಿದ್ದಾರೆ. ಅವುಗಳಲ್ಲಿ ಎರಡು ನಮಗೆ ಸಾಕು. ಒಂದು, ಪದ ತನ್ನಿಂದ ಬೇರೆ ರೂಪಗಳನ್ನು ಹುಟ್ಟಿಸುತ್ತದೆಯೇ. ಇನ್ನೊಂದು ನನಗೆ ಬಹಳ ಹಿಡಿಸಿದ್ದು: ಪದ ತನ್ನ ಕಡೆ ಬೆರಳು ತೋರಿಸಿಕೊಳ್ಳದೆ ಇರುತ್ತದೆಯೇ. ಮುಂಬೈಯ ‘ಝಕಾಸ್’ ನೋಡಿ. 1985ರ ‘ಯುದ್ಧ್’ ಚಿತ್ರದಿಂದ ಅದು ಅನಿಲ್ ಕಪೂರ್ ಹೆಸರಿಗೆ ಅಂಟಿಕೊಂಡಿದೆ. ಇವತ್ತಿಗೂ ಬಹಳ ಜನ ಹೇಳುವಾಗ ಕೈ ಎತ್ತಿ, ದನಿ ಬದಲಿಸಿ ಹೇಳುತ್ತಾರೆ. ಅದು ಮಾತಾಗುವ ಬದಲು ಮಿಮಿಕ್ರಿಯಾಯಿತು. ಪುಣೆಯಲ್ಲಿ ನನ್ನ ಸುತ್ತ ದಿನಾ ಕೇಳುವುದು ‘ಭಾರಿ’. ಭಾರದ ಪದ, ಹೊಗಳಿಕೆಗೂ ಸೈ, ನಷ್ಟಕ್ಕೂ ಸೈ. ಹುಬ್ಬಳ್ಳಿಯವರಿಗೂ ‘ಭಾರಿ ಐತಿ’ ಹೊಸದೇನಲ್ಲ. ಅದು ಉಳಿಯುವ ಜಾತಿಯದು.

ಇನ್ನು ಪದ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆ? ಗಾಢ ಗೆಳೆಯರಿಂದ ಹಬ್ಬುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬೆಲ್‌ಫಾಸ್ಟ್ ನಗರದ ಮಾತನ್ನು ಬಹಳ ಕಾಲ ಅಭ್ಯಾಸ ಮಾಡಿದ ಜೇಮ್ಸ್ ಮತ್ತು ಲೆಸ್ಲಿ ಮಿಲ್ರಾಯ್ 1985ರಲ್ಲಿ ಇದನ್ನು ತಿರುಗಿಸಿ ಹೇಳಿದರು. ಎಲ್ಲರೂ ಎಲ್ಲರನ್ನೂ ಬಲ್ಲ ಬಿಗಿಯಾದ ಗುಂಪು ಇರುವ ಮಾತನ್ನೇ ಕಾಪಾಡಿಕೊಳ್ಳುತ್ತದೆ. ಹೊಸದು ಬರುವುದು ಸಡಿಲ ಸಂಬಂಧಗಳ ಮೂಲಕ: ಎರಡು ಗುಂಪಿನಲ್ಲಿ ಅರ್ಧರ್ಧ ಕಾಲಿಟ್ಟವರಿಂದ.

‘ಮಚ್ಚಾ’ ಇದಕ್ಕೆ ಒಳ್ಳೆಯ ಉದಾಹರಣೆ. ತಮಿಳಿನಲ್ಲಿ ಮಚ್ಚಾನ್ ಎಂದರೆ ಭಾವ ಅಥವಾ ಭಾವಮೈದುನ. ಬೆಂಗಳೂರಿನ ತಮಿಳು ಮಾತಾಡುವ ಬಡಾವಣೆಗಳ ಪಕ್ಕದಲ್ಲಿ ಕ್ರಿಕೆಟ್ ಆಡಿದ ಹುಡುಗರ ಬಾಯಲ್ಲಿ ಅದು ಕನ್ನಡಕ್ಕೆ ಬಂತು. ಆದರೆ ಬೀದರಿನ, ಶಿವಮೊಗ್ಗದ ಹುಡುಗನಿಗೆ ಅದು ತಲುಪಿದ್ದು ಹೇಗೆ? ಸಿನಿಮಾ ಒಂದು ದಾರಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ದಾರಿ ಸಿಇಟಿ. 1994ರಿಂದ ಶುರುವಾದ ಆ ಪರೀಕ್ಷೆ ರಾಜ್ಯದ ಹುಡುಗ ಹುಡುಗಿಯರನ್ನು ರ್‍ಯಾಂಕ್ ಪ್ರಕಾರ ಎಲ್ಲೆಲ್ಲಿಗೋ ಕಳಿಸಿತು. ಹಾಸ್ಟೆಲಿನ ಒಂದೇ ರೂಮಿನಲ್ಲಿ ಕಲಬುರಗಿ, ಮಡಿಕೇರಿ, ಬೆಂಗಳೂರು. ಮೊದಲ ಸೆಮಿಸ್ಟರಿನಲ್ಲಿ ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುವುದು, ಮೂರನೆಯದಕ್ಕೆ ಒಂದು ಬೆರಕೆ ಮಾತು. ರಜೆಗೆ ಊರಿಗೆ ಹೋದವನು ಆ ಮಾತನ್ನು ತಮ್ಮನಿಗೆ ಕೊಟ್ಟು ಬರುತ್ತಾನೆ. ತಮ್ಮನಿಗೆ ಅದು ‘ಬೆಂಗಳೂರು ಮಾತು’, ಹಾಗಾಗಿ ಅದಕ್ಕೆ ಬೆಲೆ.

ತೊಡಕು ಇರುವುದೂ ಇಲ್ಲೇ. ಗುಂಪಿನ ಪದ ಒಂದು ಬ್ಯಾಡ್ಜು. ತಮ್ಮ, ಅವನ ಕ್ಲಾಸು, ಆಮೇಲೆ ಜಾಹೀರಾತಿನವರು ಎಲ್ಲರೂ ಅದನ್ನು ಧರಿಸಿಕೊಂಡರೆ ಮೂಲದ ಹುಡುಗರು ಕಿತ್ತು ಬಿಸಾಡುತ್ತಾರೆ. ಬ್ಯಾಂಕಿನ ಬೋರ್ಡಿನ ಮೇಲೆ ತಮ್ಮ ಮಾತು ಕಂಡ ಮೇಲೆ ಯಾವ ಹುಡುಗನೂ ಅದನ್ನು ಮೊದಲಿನ ಖುಷಿಯಲ್ಲಿ ಹೇಳಲಾರ. ಆದ್ದರಿಂದ ಪದ ಉಳಿಯಬೇಕಾದರೆ ಗುಂಪು ಬಿಟ್ಟು ಹೊರಗೆ ಬರಲೇಬೇಕು, ಬಂದ ಕೂಡಲೇ ಹೆತ್ತವರು ಅದನ್ನು ಕೈಬಿಡುತ್ತಾರೆ. ಆ ಹೊತ್ತಿಗೆ ಹೊರಗಿನವರಿಗೆ ಅದರಿಂದ ಬೇರೇನೋ ಉಪಯೋಗ ಸಿಕ್ಕಿರಬೇಕು. ಸಖತ್ತಿಗೆ ಸಿಕ್ಕಿತ್ತು.

‘ಗುರು’ವಿಗೂ ಸಿಕ್ಕಿತು, ಅದರ ಜೋಡಿ ‘ಸಿಸ್ಯ’ನಿಗೆ ಸಿಗಲಿಲ್ಲ. ನಾವು ಕಾಲೇಜಿನಲ್ಲಿ ಎರಡನ್ನೂ ಧಾರಾಳವಾಗಿ ಬಳಸಿದೆವು. ‘ಏನ್ ಸಿಸ್ಯ’ ಎಂದರೆ ಎದುರಿಗಿರುವವನು ಒಂದು ಮೆಟ್ಟಿಲು ಕೆಳಗೆ, ಹಾಗಾಗಿ ಅದು ಸಲಿಗೆ ಇರುವಲ್ಲಿ ಮಾತ್ರ ಸಲ್ಲುತ್ತದೆ. ಅಪರಿಚಿತನಿಗೆ ಹೇಳಿದರೆ ಜಗಳ. ‘ಗುರೂ, ಸ್ವಲ್ಪ ಗಾಡಿ ಸರಿಸ್ತೀಯಾ’ ಎಂದು ಯಾರಿಗೆ ಬೇಕಾದರೂ ಹೇಳಬಹುದು. ಎದುರಿನವನನ್ನು ಮೇಲೆ ಕೂರಿಸಿ, ಆದರೂ ಏಕವಚನದಲ್ಲಿ ಹತ್ತಿರ ಎಳೆದುಕೊಳ್ಳುವ ಪದ ಅದು. ಹೆಸರು ಗೊತ್ತಿಲ್ಲದ, ‘ಸಾರ್’ ಎನ್ನುವಷ್ಟು ದೂರವೂ ಇಲ್ಲದ ಮನುಷ್ಯನನ್ನು ಕರೆಯಲು ಕನ್ನಡದಲ್ಲಿ ಒಂದು ಜಾಗ ಖಾಲಿ ಇತ್ತು. ಇಂಗ್ಲಿಷಿನ ‘ಡ್ಯೂಡ್’ ಬಗ್ಗೆ ಪಿಟ್ಸ್‌ಬರ್ಗಿನ ಸ್ಕಾಟ್ ಕೀಸ್ಲಿಂಗ್ 2004ರಲ್ಲಿ ಬರೆದ ಲೇಖನ ಹೇಳುವುದೂ ಹತ್ತಿರ ಹತ್ತಿರ ಇದನ್ನೇ: ಹತ್ತಿರವಿದ್ದೂ ಅತಿ ಹತ್ತಿರವಲ್ಲ ಎನ್ನುವ ಅಂತರವನ್ನು ಆ ಪದ ಹಿಡಿದಿಡುತ್ತದೆ.

ಕೆಲವು ಪದಗಳ ಸಾವಿಗೆ ಮಾತ್ರ ಇಷ್ಟು ಯೋಚನೆ ಬೇಡ. ‘ಮಿಸ್ ಕಾಲ್ ಕೊಡು’ ಒಂದು ಕಾಲಕ್ಕೆ ನಮ್ಮ ಪ್ರೇಮ, ವ್ಯವಹಾರ, ಹಾಲಿನವನ ಲೆಕ್ಕ ಎಲ್ಲವನ್ನೂ ನಡೆಸಿತು. 2016ರಲ್ಲಿ ಜಿಯೊ ಬಂದು ಕಾಲ್ ಪುಕ್ಕಟೆಯಾದ ಮೇಲೆ ಕೊಡುವ ಅಗತ್ಯವೇ ಹೋಯಿತು. ಈಗ ಮಿಸ್ ಕಾಲ್ ಆಗುತ್ತದೆ, ಯಾರೂ ಕೊಡುವುದಿಲ್ಲ.

ಊರು ಬಿಟ್ಟವರ ವಿಷಯಕ್ಕೆ ಬರೋಣ. ನಮ್ಮ ಪಡ್ಡೆ ಮಾತು ನಾವು ರೈಲು ಹತ್ತಿದ ವರ್ಷಕ್ಕೆ ನಿಂತುಹೋಗಿರುತ್ತದೆ. ವ್ಯಾಕರಣ ಅಲುಗದಿದ್ದರೂ ಈ ಮೇಲ್ಪದರ ಹಳೆಯದಾಗುತ್ತದೆ. ಆಫೀಸಿಗೆ ಬೆಂಗಳೂರಿನಿಂದ ಹೊಸದಾಗಿ ಸೇರಿದವರ ಜೊತೆ ಹತ್ತು ನಿಮಿಷ ಕಾಫಿ ಕುಡಿದರೆ ನಾವು ಊರು ಬಿಟ್ಟ ವರ್ಷವನ್ನು ಅವರು ಎರಡು ಮೂರು ವರ್ಷ ಆಚೀಚೆ ಊಹಿಸಿಬಿಡುತ್ತಾರೆ.

ಮಕ್ಕಳದು ಇನ್ನೂ ಬೇರೆ ಕಥೆ. ಪಡ್ಡೆ ಮಾತನ್ನು ಅಪ್ಪ ಅಮ್ಮ ಕಲಿಸಲಾಗುವುದಿಲ್ಲ, ಅಪ್ಪ ಹೇಳಿದ ಕೂಡಲೇ ಅದು ಸತ್ತ ಪದ. ಅದು ಸಮವಯಸ್ಕರಿಂದಲೇ ಬರಬೇಕು. ಪುಣೆಯಲ್ಲಿ ಬೆಳೆಯುತ್ತಿರುವ ನನ್ನ ಮಗಳಿಗೆ ಒಂಬತ್ತು ವರ್ಷ. ಅವಳ ಕನ್ನಡ ಪೂರ್ತಿ ಅಜ್ಜಿಯಿಂದ ಬಂದದ್ದು. ಪೆನ್ಸಿಲ್ ಕಳೆದರೆ ‘ಅಯ್ಯೋ ರಾಮನೇ, ಎಲ್ಲಿ ಹಾಳಾಗಿ ಹೋಯ್ತೋ’ ಎನ್ನುತ್ತಾಳೆ. ಜಗಳ, ಗುಟ್ಟು, ಗೇಲಿ ಎಲ್ಲಾ ಮರಾಠಿ, ಹಿಂದಿಯಲ್ಲಿ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಒತ್ತಕ್ಷರ ತಪ್ಪಿಲ್ಲದೆ ಬರೆಯುವ ಮಕ್ಕಳು ಬಿಡುವು ಕೊಟ್ಟ ಕೂಡಲೇ ಹಿಂದಿಗೆ ಹೊರಳುವುದನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ.

ಕಳೆದ ಬೇಸಿಗೆಯಲ್ಲಿ ಅವಳು ಮೈಸೂರಿನಲ್ಲಿ ದೊಡ್ಡಮ್ಮನ ಮಕ್ಕಳ ಜೊತೆ ಮೂರು ವಾರ ಇದ್ದು ಬಂದಳು. ಬರುವಾಗ ‘ಗುರೂ’, ‘ಸಖತ್ತಾಗಿತ್ತು’, ಇನ್ನೂ ನನಗೆ ಗೊತ್ತಿಲ್ಲದ ಒಂದೆರಡು ಪದ ತಂದಿದ್ದಳು. ಅಜ್ಜಿಗೇ ‘ಗುರೂ’ ಎಂದು ಬೈಸಿಕೊಂಡಳು. ಜುಲೈ ಹೊತ್ತಿಗೆ ‘ಗುರೂ’ ನಿಂತುಹೋಯಿತು, ಇಲ್ಲಿ ಅದನ್ನು ಹೇಳಲು ಅವಳಿಗೆ ಜನ ಇರಲಿಲ್ಲ. ‘ಸಖತ್ತಾಗಿದೆ’ ಮಾತ್ರ ದೋಸೆಯ ಮುಂದೆ ಇನ್ನೂ ಕೇಳಿಬರುತ್ತಿದೆ.