ರಾಜೀನಾಮೆ ಪತ್ರದ ಜೊತೆಗೆ ತಂದೆಯ ವಿಮೆಯೂ

ನಮ್ಮ ಪರಿಚಯದ ಯುವಕನೋರ್ವ ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದ. ಸಂಸ್ಥೆಯ ಗುಂಪು ಆರೋಗ್ಯ ವಿಮೆಯಲ್ಲಿ ತಂದೆಯನ್ನೂ ಸೇರಿಸಿ, ಅದರ ಕಂತನ್ನು ಮೂರು ವರ್ಷ ಕಾಲ ತನ್ನ ಸಂಬಳದಿಂದಲೇ ಕೊಟ್ಟಿದ್ದ. ತಂದೆಗೆ ಹಳೆಯ ಮಧುಮೇಹ ಮತ್ತು ರಕ್ತದೊತ್ತಡ. ಇಂತಹ ಗುಂಪು ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆಯಿರುವುದರಿಂದ ಆತ ನಿಶ್ಚಿಂತನಾಗಿದ್ದ.

ಎಪ್ರಿಲ್ ಕೊನೆಗೆ ಆತ ಉದ್ಯೋಗ ಬದಲಿಸಿದ. ಹೊಸ ಸಂಸ್ಥೆಯ ವಿಮೆಯಲ್ಲಿ ಪತ್ನಿ, ಮಕ್ಕಳಿಗಷ್ಟೇ ಸ್ಥಾನ. ಜೂನ್‌ನಲ್ಲಿ ತಂದೆಗೆಂದು ಪ್ರತ್ಯೇಕ ಪಾಲಿಸಿ ಖರೀದಿಸಿದ. ಕಾಯಿಲೆಗಳನ್ನು ಮುಚ್ಚಿಡದೆ ತಿಳಿಸಿದ. ನವೆಂಬರ್‌ನಲ್ಲಿ ತಂದೆಯ ಹೃದಯಕ್ಕೆ ಸ್ಟೆಂಟ್ ಅಳವಡಿಸಬೇಕಾಯಿತು. 2,60,000 ರೂಪಾಯಿಯ ಬಿಲ್ಲಿಗೆ ವಿಮಾ ಕಂಪನಿಯ ಉತ್ತರ: ಇದು ಮೊದಲೇ ಇದ್ದ ಕಾಯಿಲೆಯ ಪರಿಣಾಮ, 36 ತಿಂಗಳ ಕಾಯುವ ಅವಧಿ ಮುಗಿದಿಲ್ಲ.

ಇದು ಅನ್ಯಾಯವೇ? ಕರಾರಿನ ಪ್ರಕಾರ ಅಲ್ಲ. ಪ್ರಮಾದ ನಡೆದದ್ದು ನವೆಂಬರ್‌ನಲ್ಲಲ್ಲ, ಎಪ್ರಿಲ್‌ನಲ್ಲಿ.

ಗುಂಪು ಪಾಲಿಸಿಯಿಂದ ಹೊರಬರುವ ಉದ್ಯೋಗಿಗೂ ಆತನ ಕುಟುಂಬದ ಸದಸ್ಯರಿಗೂ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಗೊಳ್ಳುವ ಹಕ್ಕನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನೀಡಿದೆ. ಇದನ್ನು 'ಮೈಗ್ರೇಶನ್' ಎನ್ನುತ್ತಾರೆ. ಹಾಗೆ ವರ್ಗಾವಣೆಯಾದರೆ ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆಯಾಗುತ್ತವೆ. ಈ ಯುವಕನ ತಂದೆಯ ಮೂರು ವರ್ಷಗಳೆಂದರೆ ಸರಿಯಾಗಿ 36 ತಿಂಗಳು! ಆದರೆ ಹಕ್ಕಿಗೆ ಮಿತಿಗಳಿವೆ. ಕಂಪನಿಯು ಆರೋಗ್ಯವನ್ನು ಪರಿಶೀಲಿಸಬಹುದು, ವಯಸ್ಸಿಗೆ ತಕ್ಕಂತೆ ಕಂತು ಗಣನೀಯವಾಗಿ ಏರಬಹುದು. ಗುಂಪಿನಲ್ಲಿ 3 ಲಕ್ಷದ ರಕ್ಷಣೆಯಿದ್ದು ಈಗ 5 ಲಕ್ಷ ಬಯಸಿದರೆ, ಹೆಚ್ಚುವರಿ 2 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿಯೇ ಆರಂಭವಾಗುತ್ತದೆ.

ಸಾಮಾನ್ಯವಾಗಿ ಕೊನೆಯ ಕೆಲಸದ ದಿನದೊಂದಿಗೆ ಗುಂಪಿನ ರಕ್ಷಣೆಯೂ ಮುಗಿಯುತ್ತದೆ. ಆದ್ದರಿಂದ ನೋಟಿಸ್ ಅವಧಿ ಆರಂಭವಾದೊಡನೆ ವಿಮಾ ಕಂಪನಿಗೆ ಲಿಖಿತ ಅರ್ಜಿ ಸಲ್ಲಿಸಿ, ಅದರ ಸ್ವೀಕೃತಿಯನ್ನು ಇಟ್ಟುಕೊಳ್ಳಬೇಕು. ತಂದೆಯ ಹೆಸರು, ಸೇರಿದ ದಿನಾಂಕ, ವಿಮಾ ಮೊತ್ತ ನಮೂದಾಗಿರುವ ದಾಖಲೆಯನ್ನು ಎಚ್.ಆರ್. ವಿಭಾಗದಿಂದ ಪಡೆಯಬೇಕು. ಗುರುತಿನ ಚೀಟಿ, ಲ್ಯಾಪ್‌ಟಾಪ್‌ಗಳನ್ನು ಜ್ಞಾಪಿಸಿ ಕೇಳಿ ಪಡೆಯುವ ಸಂಸ್ಥೆಗಳಿಗೆ ಈ ಹಕ್ಕಿನ ಕುರಿತು ಒಂದು ಸಾಲು ತಿಳಿಸಲು ಏಕೆ ಸಾಧ್ಯವಾಗುವುದಿಲ್ಲ? ಬಿಡುಗಡೆ ಪತ್ರದೊಂದಿಗೆ ಅದನ್ನು ಕೊಡುವುದನ್ನು ಕಡ್ಡಾಯಗೊಳಿಸಬೇಕು.

ಇನ್ನು ತಿರಸ್ಕೃತ ಕ್ಲೇಮುಗಳೆಲ್ಲವೂ ಈ ಬಗೆಯವಲ್ಲ. ಗುಂಪು ಪಾಲಿಸಿಗೆ ಸೇರುವಾಗ ಆರೋಗ್ಯದ ಪ್ರಶ್ನೆಯನ್ನೇ ಕೇಳದೆ, ಬಳಿಕ 'ಕಾಯಿಲೆಯನ್ನು ಮರೆಮಾಚಿದ್ದೀರಿ' ಎಂದರೆ ಅದನ್ನು ಪ್ರಶ್ನಿಸಲೇಬೇಕು. ಪಾಲಿಸಿಯ ಯಾವ ಷರತ್ತಿನ ಆಧಾರದಲ್ಲಿ ನಿರಾಕರಿಸಲಾಯಿತೆಂದು ಬರವಣಿಗೆಯಲ್ಲಿ ಕೇಳಿ, ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಒಂದು ವರ್ಷದೊಳಗೆ ಸಲ್ಲಿಸಬೇಕು. ಗುಂಪು ಪಾಲಿಸಿಯ ದೂರುಗಳೂ ಅಲ್ಲಿ ವಿಚಾರಣೆಗೆ ಅರ್ಹ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಕರ್ನಾಟಕದವರಿಗೆ ಇದರ ಕಚೇರಿ ಬೆಂಗಳೂರಿನಲ್ಲಿದೆ.