ಯಾರೂ ಜ್ಞಾಪಿಸದ ಕೆಲಸ

ಹೋದ ಭಾನುವಾರ ಸಂಜೆ ಚಿಕ್ಕಮ್ಮನ ಮಗಳು ಮನೆಗೆ ಬಂದಿದ್ದಳು. ಇದು ಅವಳ ಮೊದಲ ಕೆಲಸ, ಸೇರಿ ಇನ್ನೂ ತಿಂಗಳು ತುಂಬಿಲ್ಲ. ಕಾಫಿ ಲೋಟ ಕೆಳಗಿಡುವ ಮೊದಲೇ ಫೋನ್ ಮುಂದೆ ಹಿಡಿದಳು. "ಅಣ್ಣಾ, ಇದನ್ನ ನೋಡಿದ್ರೆ ಸೋಮವಾರ ಆಫೀಸಿಗೆ ಹೋಗೋದೇ ಬೇಡ ಅನ್ಸತ್ತೆ."

ಅದರಲ್ಲಿ ಎಂಟು ಸಾಲು ಇದ್ದವು, ಬರೆದ ಹಾಗೇ ಕೊಡ್ತೀನಿ:

ಡೆಮೊ
ಪರ್ಮಿಷನ್
ಎಚ್‌ಆರ್ ಮೇಲ್ ನೋಡಬೇಕು
ಲಾಗಿನ್ ಪೇಜ್ ಬಗ್
ಎಕ್ಸೆಲ್ ಶೀಟ್
ಲಂಚ್ ದುಡ್ಡು
ಎಸ್‌ಕ್ಯೂಎಲ್ ಕಲೀಬೇಕು
ಫೋಲ್ಡರ್ ಕ್ಲೀನ್

"ಇದರಲ್ಲಿ ಮೊದಲು ಯಾವುದು ಮಾಡ್ತೀಯ?" ಅಂದೆ. "ಎಕ್ಸೆಲ್ ಶೀಟ್. ಪಕ್ಕದ ಟೀಮಿನವರು ಮೂರು ಸಲ ಮೆಸೇಜ್ ಮಾಡಿದಾರೆ."

ನಾವೆಲ್ಲ ಮಾಡೋದೇ ಹೀಗೆ. ಯಾರು ಜಾಸ್ತಿ ಸಲ ಕೇಳ್ತಾರೋ ಅವರ ಕೆಲಸ ಮೊದಲು. ಆದರೆ ಈ ಪಟ್ಟಿಯನ್ನ ವಿಂಗಡಿಸೋಕೆ ಹೊರಟರೆ ಮೊದಲ ತೊಡಕು ಅದಲ್ಲ. 'ಪರ್ಮಿಷನ್' ಅಂತ ಒಂದೇ ಪದ ಬರೆದಿದ್ರೆ ಅದು ಅರ್ಜೆಂಟೋ ಅಲ್ವೋ ಅಂತ ಹೇಳೋದು ಹೇಗೆ? ಹಾಗಾಗಿ ಪ್ರತಿ ಸಾಲನ್ನೂ ಬಿಡಿಸಿ ಬರೆಯೋಕೆ ಹೇಳಿದೆ: ಏನು ಮಾಡಬೇಕು, ಯಾರು ಕಾಯ್ತಿದಾರೆ, ಯಾವತ್ತಿನೊಳಗೆ. ಹದಿನೈದು ನಿಮಿಷ ಹಿಡಿಯಿತು. 'ಎಚ್‌ಆರ್ ಮೇಲ್' ಸಾಲಿಗೆ ಬಂದಾಗ ಅವಳು ಆ ಮೇಲನ್ನ ತೆರೆದು ನೋಡಲೇಬೇಕಾಯ್ತು. ಕಂಪನಿಯ ಮೆಡಿಕಲ್ ಇನ್ಶೂರೆನ್ಸ್‌ಗೆ ಅಪ್ಪ ಅಮ್ಮನ ಹೆಸರು ಸೇರಿಸಬೇಕಿದ್ರೆ ಶುಕ್ರವಾರವೇ ಕೊನೇ ದಿನ ಅಂತಿತ್ತು.

ನನ್ನ ಮೊದಲ ಕೆಲಸದಲ್ಲೂ ಇಂಥದ್ದೇ ಮೇಲ್ ಬಂದಿತ್ತು. 'ಆಮೇಲೆ ನೋಡೋಣ' ಅಂತ ಬಿಟ್ಟೆ. ಯಾರೂ ಎರಡನೇ ಸಲ ಕೇಳಲಿಲ್ಲ. ಹೊಸದಾಗಿ ಸೇರಿದವರಿಗೆ ಹೆಸರು ಸೇರಿಸೋಕೆ ಕೊಡೋ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ನಮ್ಮಲ್ಲಿ ಅದು ಮುಗಿದ ಮೇಲೆ ಪಾಲಿಸಿ ರಿನ್ಯೂ ಆಗೋವರೆಗೂ ಕಾಯಬೇಕಿತ್ತು. ಅಷ್ಟರಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತು. ಬಿಲ್ಲು ಪೂರ್ತಿ ಅಪ್ಪನೇ ಕಟ್ಟಿದ್ರು, ನನ್ನನ್ನ ಒಂದು ಮಾತೂ ಕೇಳಲಿಲ್ಲ. ಫಾರಂ ತುಂಬೋಕೆ ಹತ್ತು ನಿಮಿಷ ಸಾಕಿತ್ತು ಅನ್ನೋದು ನನಗೆ ಮಾತ್ರ ಗೊತ್ತು.

ಅದಕ್ಕೇ ಈಗ ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಕೇಳ್ಕೋತೀನಿ. ಇದನ್ನ ಮಾಡದಿದ್ರೆ ಏನು ಹೋಗುತ್ತೆ, ಹೋದದ್ದನ್ನ ಆಮೇಲೆ ಸರಿ ಮಾಡೋಕಾಗುತ್ತಾ? ಇದು ಮುಖ್ಯ ಹೌದೋ ಅಲ್ವೋ ಅಂತ ಹೇಳುವ ಪ್ರಶ್ನೆ. ಎಕ್ಸೆಲ್ ಶೀಟ್ ಒಂದು ದಿನ ತಡವಾದ್ರೆ ಪಕ್ಕದ ಟೀಮಿನವರು ಮುಖ ಸಿಂಡರಿಸ್ತಾರೆ, ಅಷ್ಟೇ. ಇನ್ಶೂರೆನ್ಸ್ ದಿನ ದಾಟಿದ್ರೆ ಒಂದು ವರ್ಷ ಹೋಗಬಹುದು.

ಎರಡನೇ ಪ್ರಶ್ನೆ ಅರ್ಜೆಂಟ್ ಬಗ್ಗೆ: ಇದನ್ನ ಯಾವತ್ತು *ಶುರು* ಮಾಡಬೇಕು? ಇಲ್ಲೇ ಹೊಸಬರು ಎಡವೋದು. ಕೊನೇ ದಿನಾಂಕವನ್ನಷ್ಟೇ ನೋಡ್ತಾರೆ. ತಂಗಿಯ ಡೆಮೊ ಗುರುವಾರ. ಅದಕ್ಕೆ ಟೆಸ್ಟ್ ಸರ್ವರ್‌ಗೆ ಪರ್ಮಿಷನ್ ಬೇಕು. "ಅದು ಐದು ನಿಮಿಷದ ಫಾರಂ ಅಣ್ಣಾ, ಬುಧವಾರ ಹಾಕ್ತೀನಿ" ಅಂದಳು. "ಹಾಕಿದ ಮೇಲೆ?" ಅಂದೆ. ಲೀಡ್ ಒಪ್ಪಬೇಕು, ಆಮೇಲೆ ಸರ್ವರ್ ಟೀಮಿನವರು ಕೊಡಬೇಕು, ಸಾಮಾನ್ಯವಾಗಿ ಎರಡು ಕೆಲಸದ ದಿನ. ಹಿಂದಕ್ಕೆ ಎಣಿಸಿದೆವು. ಗುರುವಾರ ಡೆಮೊ, ಬುಧವಾರ ಒಂದು ಸಲ ನಡೆಸಿ ನೋಡಬೇಕು, ಅಂದ್ರೆ ಬುಧವಾರ ಬೆಳಿಗ್ಗೆ ಪರ್ಮಿಷನ್ ಕೈಯಲ್ಲಿರಬೇಕು, ಅಂದ್ರೆ ಸೋಮವಾರ ಬೆಳಿಗ್ಗೆಯೇ ಫಾರಂ ಹೋಗಬೇಕು. ಬುಧವಾರ ಹಾಕಿದ್ದರೆ ಅದು ಬರುವಷ್ಟರಲ್ಲಿ ಶುಕ್ರವಾರ! ಬೇರೆಯವರ ಕೈ ದಾಟಿ ಬರಬೇಕಾದ ಕೆಲಸ ಎಷ್ಟೇ ಚಿಕ್ಕದಿರಲಿ, ಕಾಯುವ ದಿನಗಳನ್ನೂ ಸೇರಿಸಿಯೇ ಎಣಿಸಬೇಕು.

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಚೌಕ ಎಳೆದೆವು. ಇದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೆಸರಲ್ಲಿ ಓಡಾಡೋ ಚೌಕ. ಅರ್ಜೆಂಟ್ ಬೇರೆ, ಮುಖ್ಯ ಬೇರೆ ಅನ್ನೋ ಮಾತನ್ನ ಅವರು 1954ರ ಒಂದು ಭಾಷಣದಲ್ಲಿ ಹೇಳಿದ್ರು, ಅದೂ ಬೇರೊಬ್ಬರ ಮಾತು ಅಂತಲೇ ಹೇಳಿದ್ರು. ನಾಲ್ಕು ಚೌಕವನ್ನ ಮನೆಮಾತು ಮಾಡಿದ್ದು ಸ್ಟೀಫನ್ ಕವಿ ಅವರ 1989ರ ಪುಸ್ತಕ.

ಅರ್ಜೆಂಟೂ ಹೌದು ಮುಖ್ಯವೂ ಹೌದು ಅನ್ನೋ ಚೌಕಕ್ಕೆ ಪರ್ಮಿಷನ್, ಇನ್ಶೂರೆನ್ಸ್, ಡೆಮೊ ಹೋದವು. ಮುಖ್ಯ, ಆದರೆ ಅರ್ಜೆಂಟಲ್ಲ ಅನ್ನೋ ಚೌಕಕ್ಕೆ ಲಾಗಿನ್ ಬಗ್ (ಮುಂದಿನ ವಾರ ಕೊಟ್ಟರೆ ಸಾಕು) ಮತ್ತು ಎಸ್‌ಕ್ಯೂಎಲ್. ಅರ್ಜೆಂಟ್, ಆದರೆ ಅಷ್ಟೇನೂ ಮುಖ್ಯವಲ್ಲ ಅನ್ನೋದಕ್ಕೆ ಎಕ್ಸೆಲ್ ಶೀಟ್, ಲಂಚ್ ದುಡ್ಡು. ಎರಡೂ ಅಲ್ಲದ್ದು ಫೋಲ್ಡರ್ ಕ್ಲೀನ್. ಅದನ್ನ ಹೊಡೆದು ಹಾಕಿದೆವು.

ಮೂರನೇ ಚೌಕದ ಕೆಲಸವನ್ನ ಬೇರೆಯವರಿಗೆ ವಹಿಸಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅಧ್ಯಕ್ಷರಿಗೆ ಆಳುಕಾಳು ಇದ್ರು, ಸರಿ. ನಿನ್ನೆ ಮೊನ್ನೆ ಸೇರಿದವಳು ಯಾರಿಗೆ ವಹಿಸ್ತಾಳೆ? ಅವಳಿಗೆ ಆಗೋದು ಇಷ್ಟು: ಅವನ್ನೆಲ್ಲ ಒಟ್ಟುಗೂಡಿಸಿ ದಿನಕ್ಕೊಂದು ಅರ್ಧ ಗಂಟೆ ಇಡೋದು, ಕೇಳಿದವರಿಗೆ ಸಮಯ ಹೇಳಿಬಿಡೋದು. "ಸೋಮವಾರ ನಾಲ್ಕು ಗಂಟೆಗೆ ಶೀಟ್ ಕಳಿಸ್ತೀನಿ" ಅಂತ ಅಲ್ಲೇ ಮೆಸೇಜ್ ಹಾಕಿದಳು. "ಓಕೆ" ಅಂತ ಬಂತು. ಮೂರು ಸಲ ಕೇಳಿದವರಿಗೆ ಬೇಕಿದ್ದದ್ದು ಉತ್ತರ, ತಕ್ಷಣದ ಶೀಟ್ ಅಲ್ಲ.

ಎರಡನೇ ಚೌಕಕ್ಕೆ ದಿನ, ಗಂಟೆ ಬರೆದಿಡದಿದ್ರೆ ಅದು ಅಲ್ಲೇ ಕೊಳೆಯುತ್ತೆ. ಎಸ್‌ಕ್ಯೂಎಲ್‌ಗೆ ಮಂಗಳವಾರ, ಗುರುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತು ಅಂತ ಕ್ಯಾಲೆಂಡರಲ್ಲಿ ಹಾಕಿದಳು. ವಾರದ ಕೊನೆಗೆ ಆ ಚೌಕದಲ್ಲಿ ಒಂದೂ ಕದಲಿಲ್ಲ ಅಂದ್ರೆ ಚೌಕ ಎಳೆದದ್ದು ಬರೀ ಚಿತ್ರ ಅಂತ ತಿಳ್ಕೋಬೇಕು.

ಕೆಲವು ವಾರ ಎಲ್ಲವೂ ಮೊದಲ ಚೌಕದಲ್ಲೇ ಬಂದು ಕೂರುತ್ತೆ. ಟೀಮಿಗೆ ಯಾವುದು ಮುಖ್ಯ ಅನ್ನೋದು ಸೇರಿ ತಿಂಗಳೂ ಆಗದವರಿಗೆ ಗೊತ್ತಿರೋದಿಲ್ಲ, ಅದು ತಪ್ಪೂ ಅಲ್ಲ. ಆಗ ಲೀಡ್ ಹತ್ರ ಹೋಗಿ "ತುಂಬಾ ಕೆಲಸ ಇದೆ" ಅಂದ್ರೆ ಪ್ರಯೋಜನವಿಲ್ಲ. "ಇವತ್ತು ಈ ಮೂರರಲ್ಲಿ ಎರಡು ಮುಗಿಸಬಲ್ಲೆ. ಬಗ್ ನಾಳೆಗೆ ಹಾಕ್ಲಾ, ಡೆಮೊ ನಾಳೆಗೆ ಹಾಕ್ಲಾ?" ಅಂತ ಕೇಳಬೇಕು. ಹಾಗೆ ಕೇಳಿದ್ರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತೆ.

ಬುಧವಾರ ರಾತ್ರಿ ತಂಗಿ ಫೋನ್ ಮಾಡಿದ್ದಳು. ಪರ್ಮಿಷನ್ ಬೆಳಿಗ್ಗೆ ಬಂದಿತ್ತಂತೆ. ಇನ್ಶೂರೆನ್ಸ್ ಫಾರಂ ಮಾತ್ರ ಸ್ವಲ್ಪ ಸತಾಯಿಸಿತು. ಚಿಕ್ಕಪ್ಪನ ಹುಟ್ಟಿದ ದಿನಾಂಕ ಅವಳು ಅಂದುಕೊಂಡದ್ದು ಒಂದು, ಆಧಾರ್‌ನಲ್ಲಿ ಇನ್ನೊಂದು. ಊರಿಗೆ ಫೋನ್ ಮಾಡಿ, ಕಾರ್ಡಿನ ಫೋಟೊ ತರಿಸಿಕೊಂಡು ತುಂಬೋಕೆ ಎರಡು ದಿನ ಹಿಡಿಯಿತು. ಶುಕ್ರವಾರ ಸಂಜೆಗೆ ಇಟ್ಟುಕೊಂಡಿದ್ದರೆ ಅದು ಆಗ್ತಿರಲಿಲ್ಲ.

"ಎರಡೂ ಹೆಸರು ಸೇರಿದೆ ಅಂತ ಮೇಲ್ ಬಂತು ಅಣ್ಣಾ" ಅಂದಳು. ಆ ಮೇಲನ್ನ ಚಿಕ್ಕಪ್ಪನ ಫೋನಿಗೂ ಕಳಿಸು ಅಂದೆ.